ದೊಡ್ಡಕ್ಕನಿಗೊಂದು ಸೀರೆ, 2,800 ರೂಪಾಯಿಯಲ್ಲಿ

ನಮ್ಮದು ಹುನಗುಂದದ ಕಡೆಯ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಹೆಡ್‌ಮಾಸ್ತರರೂ ಸೇರಿ ಎಂಟು ಜನ ಶಿಕ್ಷಕರು, ಬಿಸಿಯೂಟದ ಅಡುಗೆಗೆ ಮೂವರು ಹೆಣ್ಣುಮಕ್ಕಳು. ಆ ಮೂವರಲ್ಲಿ ಹಿರಿಯರನ್ನು ನಾವು ದೊಡ್ಡಕ್ಕ ಅನ್ನುತ್ತೇವೆ. ಮಕ್ಕಳಿಗೆ ಅವರು ದೊಡ್ಡವ್ವ. 2003ರಲ್ಲಿ ಬಿಸಿಯೂಟದ ಅಡುಗೆಗೆ ಸೇರಿದಾಗಿನಿಂದ ಅವರೇ ಮುಖ್ಯ ಅಡುಗೆಯವರು. 2025ರ ಜೂನ್ ಕೊನೆಗೆ ಅವರಿಗೆ 60 ತುಂಬುವುದಿತ್ತು. ಅಡುಗೆಯವರಿಗೆ 60ಕ್ಕೆ ಬಿಡುಗಡೆ. ತಿಂಗಳಿಗೆ ಬರುತ್ತಿದ್ದದ್ದು ಗೌರವಧನ, ಸಂಬಳ ಅಲ್ಲ. ಹಾಗಾಗಿ ಪಿಂಚಣಿಯ ಮಾತೇ ಇಲ್ಲ.

ಜೂನ್ ಎರಡನೇ ವಾರ ಸ್ಟಾಫ್ ರೂಮಿನಲ್ಲಿ ಈ ಮಾತು ಬಂತು. ಶಾಲು, ಹಾರ, ಹಣ್ಣಿನ ಬುಟ್ಟಿ ಎಸ್‌ಡಿಎಂಸಿಯವರು ನೋಡಿಕೊಳ್ಳುತ್ತೇವೆ ಎಂದರು. ನಮ್ಮ ಕಡೆಯಿಂದ ಒಂದು ಕಾಣಿಕೆ ಆಗಬೇಕು. ಅದನ್ನು ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನೇ ಕೇಳಿ ತೆಗೆದುಕೊಂಡೆ ಅನ್ನುವುದು ಸರಿ. ಹನ್ನೊಂದು ವರ್ಷ ಅವರ ಕೈಯ ಸಾಂಬಾರು ಉಂಡಿದ್ದೇನೆ. ನನ್ನ ಮಗಳಿಗೆ ಎರಡು ವರ್ಷವಿದ್ದಾಗ, ನಾನು ಕ್ಲಾಸಿನಲ್ಲಿ ಇರುವಷ್ಟು ಹೊತ್ತು ಅವಳು ಅಡುಗೆ ಕೋಣೆಯ ಹೊಸ್ತಿಲ ಮೇಲೆ ದೊಡ್ಡಕ್ಕನ ಕಣ್ಣೆದುರು ಆಡುತ್ತಿದ್ದಳು.

ಮೊದಲು ದುಡ್ಡಿನ ಲೆಕ್ಕ. ಹೋದ ವರ್ಷ ನಿವೃತ್ತರಾದ ಒಬ್ಬ ಸರ್‌ಗೆ ತಲಾ ಸಾವಿರ ಹಾಕಿ ಕೈಗಡಿಯಾರ ಕೊಟ್ಟಿದ್ದೆವು. ಈಗಲೂ ಸಾವಿರವೇ ಹಾಕೋಣ ಎಂದು ನಾನು ಅಂದೆ. ಹೆಡ್‌ಮಾಸ್ತರರು ಸ್ವಲ್ಪ ಯೋಚಿಸಿ, "ನೀವು ಎಂಟು ಸಾವಿರದ ವಸ್ತು ಕೊಟ್ಟರೆ ಆಕೆ ಸುಮ್ನೆ ಇರ್ತಾಳಾ? ಸಾಲ ಮಾಡಿಯಾದರೂ ನಮ್ಮೆಲ್ಲರ ಮನೆಮಂದಿಗೆ ಹೋಳಿಗೆ ಊಟ ಹಾಕ್ತಾಳೆ" ಎಂದರು. ಅದು ನಿಜ. ನಮ್ಮ ಕಡೆ ಮುಯ್ಯಿ ಅನ್ನುವುದು ಹಗುರದ ಮಾತಲ್ಲ. ಬಂದದ್ದನ್ನು ಬಂದಷ್ಟೇ ತೂಕದಲ್ಲಿ ತಿರುಗಿಸಬೇಕು. ತಿರುಗಿಸಲು ಆಗದಷ್ಟು ದೊಡ್ಡದು ಕೊಟ್ಟರೆ ಅದು ಹೊರೆ. ಅವರು ಹೇಳಿದ್ದನ್ನು ನಾನು ಒಪ್ಪಿಕೊಂಡೆ. ಏಳು ಜನ ತಲಾ 300, ಹೆಡ್‌ಮಾಸ್ತರರು 500. ಉಳಿದ ಇಬ್ಬರು ಅಡುಗೆಯವರನ್ನು ನಾವು ಕೇಳಲಿಲ್ಲ. ಆದರೆ ಅವರೇ ಮರುದಿನ ಬಂದು ತಲಾ ನೂರು ರೂಪಾಯಿಯ ನೋಟು ನನ್ನ ಟೇಬಲ್ ಮೇಲಿಟ್ಟರು. ಒಟ್ಟು 2,800.

ಏನು ಕೊಡಬೇಕು ಅನ್ನುವುದಕ್ಕೆ ಒಬ್ಬೊಬ್ಬರದು ಒಂದೊಂದು ಮಾತು. ಸ್ಮರಣಿಕೆ ಬೇಡ ಎಂಬುದರಲ್ಲಿ ಮಾತ್ರ ಎಲ್ಲರೂ ಒಂದಾದರು. ಬೆಳ್ಳಿ ದೀಪ ಎಂದರು ಒಬ್ಬರು. ಈ ದುಡ್ಡಿಗೆ ಬೆರಳುಗಾತ್ರದ್ದು ಬರುತ್ತದೆ. ಮಿಕ್ಸರ್ ಎಂದರು ಇನ್ನೊಬ್ಬರು. ಅವರ ಮನೆಯಲ್ಲಿ ಮಗ ತಂದುಕೊಟ್ಟದ್ದು ಇದೆ. ಅಲ್ಲದೆ 22 ವರ್ಷ ಅಡುಗೆ ಮಾಡಿ ಬಿಡುಗಡೆಯಾಗುವ ಹೆಣ್ಣುಮಗಳಿಗೆ ಮತ್ತೆ ಅಡುಗೆಯ ಸಾಮಾನನ್ನೇ ಕೊಡುವುದು ನನಗೆ ಸರಿ ಕಾಣಲಿಲ್ಲ.

ಗಟ್ಟಿಯಾಗಿ ನಿಂತ ಮಾತೆಂದರೆ ನಗದು. ಪಿಂಚಣಿ ಇಲ್ಲದವರಿಗೆ ರೊಕ್ಕಕ್ಕಿಂತ ಒಳ್ಳೆಯ ಕಾಣಿಕೆ ಯಾವುದು, ಕವರಿನಲ್ಲಿ ಹಾಕಿ ಕೊಟ್ಟುಬಿಡೋಣ ಎಂದು ಪಿ.ಇ. ಸರ್ ಹೇಳಿದರು. ನನಗೂ ಹೌದಲ್ಲ ಅನ್ನಿಸಿತು. ಮಧ್ಯಾಹ್ನ ಪಾತ್ರೆ ತೊಳೆಯುವ ಹೊತ್ತಿಗೆ ಇನ್ನೊಬ್ಬ ಅಡುಗೆಯಕ್ಕನನ್ನು ಮೆಲ್ಲಗೆ ಕೇಳಿದೆ. ಆಕೆ ಕೈಯಲ್ಲಿದ್ದ ನಾರನ್ನು ಕೆಳಗಿಟ್ಟು ಹೇಳಿದರು: "ರೊಕ್ಕ ಕೊಟ್ರ ಸಂಘದ ಕಂತಿಗೆ ಹೊಕ್ಕೈತ್ರಿ ಅಕ್ಕೋರ. ಸಂಜಿಗೇ ಹೋಗಿಬಿಡ್ತೈತಿ. ಆಕೀ ಮೈಮ್ಯಾಲ ಏನೂ ಉಳಿಯಂಗಿಲ್ಲ."

ಮೈಮೇಲೆ ಉಳಿಯುವುದು ಎಂದರೆ ಸೀರೆ. ಅಲ್ಲಿಗೆ ಮಾತು ಸೀರೆಗೆ ಬಂದು ನಿಂತಿತು. ಆದರೆ ನನಗೆ ಅಲ್ಲೇ ಒಂದು ಭಯ ಶುರುವಾಯಿತು. ನಮ್ಮ ಕಡೆಯ ಯಾವ ಮನೆಯ ಟ್ರಂಕು ತೆರೆದರೂ ಆಯೇರಿ ಸೀರೆಗಳ ಒಂದು ಕಟ್ಟು ಇರುತ್ತದೆ. ಮದುವೆಯಲ್ಲಿ, ಮನೆ ಒಕ್ಕಲಿನಲ್ಲಿ ಬಂದವು. ಮಡಿಕೆ ಬಿಚ್ಚಿರುವುದಿಲ್ಲ. ಮುಂದಿನ ಮದುವೆಗೆ ಅವು ಹಾಗೆಯೇ ಇನ್ನೊಬ್ಬರ ಮನೆಗೆ ಹೋಗುತ್ತವೆ. ನಾವು ಕೊಡುವ ಸೀರೆ ಆ ಕಟ್ಟಿಗೆ ಸೇರಬಾರದು. ಉಡಬೇಕು. ಹಾಗಾದರೆ ಅವರು ಯಾವ ಸೀರೆ ಉಡುತ್ತಾರೆ ಅನ್ನುವುದನ್ನು ಮೊದಲು ತಿಳಿದುಕೊಳ್ಳಬೇಕು.

ಹನ್ನೊಂದು ವರ್ಷ ದಿನಾ ನೋಡಿದ್ದರೂ ನನಗೆ ಅದು ಗೊತ್ತಿರಲಿಲ್ಲ. ಶಾಲೆಗೆ ಅವರು ಉಟ್ಟು ಬರುತ್ತಿದ್ದದ್ದು ಮಾಸಿದ ಸಿಂಥೆಟಿಕ್ ಸೀರೆ. ಒಲೆಯ ಮುಂದೆ ಒಳ್ಳೆಯದು ಯಾಕೆ ಅಂತ. ಜಾತ್ರೆಯಲ್ಲಿ ಒಂದೆರಡು ಸಲ ಇಳಕಲ್ ಸೀರೆಯಲ್ಲಿ ಕಂಡ ನೆನಪಿತ್ತು, ಅಷ್ಟೇ. ಬಾಗಲಕೋಟೆಯಲ್ಲಿರುವ ಅವರ ಮಗಳ ನಂಬರು ಹುಡುಕಿ ಫೋನ್ ಮಾಡಿದೆ.

ಆ ಒಂದು ಫೋನಿನಿಂದ ಮೂರು ಸಂಗತಿ ತಿಳಿದವು. ಒಂದು, ಅವ್ವ ಉಡುವುದು ಇಳಕಲ್ ಸೀರೆಯನ್ನೇ, ಬೇರೆ ಎಷ್ಟು ಬೆಲೆಯದು ಕೊಟ್ಟರೂ ಮಡಚಿಡುತ್ತಾಳೆ. ಎರಡು, ಹಸಿರು ಬೇಡ. ಅಪ್ಪ ತೀರಿಕೊಂಡು ಒಂಬತ್ತು ವರ್ಷವಾಯಿತು, ಆಮೇಲೆ ಅವ್ವ ಹಸಿರು ಉಟ್ಟಿಲ್ಲ. ಮೂರನೆಯದನ್ನು ಹೇಳುವಾಗ ಆ ಹುಡುಗಿ ಸ್ವಲ್ಪ ತಡೆದಳು. "ಅವ್ವಗ ಚಂದ್ರಕಾಳಿ ಅಂದ್ರ ಜೀವ ರೀ ಅಕ್ಕೋರ. ಅಜ್ಜಿ ಕೊಟ್ಟದ್ದೊಂದಿತ್ತು. ಹರದು ಕೌದಿ ಆತು. ಕೌದಿನೂ ಹರೀತು."

ಚಂದ್ರಕಾಳಿ ಅಂದರೆ ಕಪ್ಪು ಒಡಲಿನ, ಕೆಂಪು ಸೆರಗಿನ ಇಳಕಲ್ ಸೀರೆ. ಬೀಳ್ಕೊಡುಗೆಗೆ ಕಪ್ಪು ಸೀರೆ ಕೊಡುವುದಾ ಎಂದು ಸ್ಟಾಫ್ ರೂಮಿನಲ್ಲಿ ಎರಡು ದನಿ ಎದ್ದವು. ಮಗಳ ಮಾತು ಹೇಳಿದ ಮೇಲೆ ಸುಮ್ಮನಾದವು.

ಇನ್ನು ಉದ್ದ. ಇದು ಸಣ್ಣ ವಿಷಯ ಅನ್ನಿಸುತ್ತದೆ, ಅಲ್ವಾ? ಆದರೆ ಸೀರೆ ಕೊಡುವವರು ಜಾಸ್ತಿ ಸೋಲುವುದು ಇಲ್ಲೇ. ಈಗ ಅಂಗಡಿಯಲ್ಲಿ ಸಿಗುವುದೆಲ್ಲ ಆರು ವಾರಿ. ನನ್ನ ವಯಸ್ಸಿನವರಿಗೆ ಅದು ಸಾಕು. ಆದರೆ ನಮ್ಮೂರಿನ ಹಿರಿಯ ಹೆಣ್ಣುಮಕ್ಕಳು ಉಡುವ ರೀತಿಗೆ ಆರು ವಾರಿ ಸಾಲುವುದಿಲ್ಲ. ಎಂಟು ಉಡುವವರಿದ್ದಾರೆ, ಒಂಬತ್ತು ಉಡುವವರಿದ್ದಾರೆ. ಗಿಡ್ಡವಾದರೆ ಸೆರಗು ತಲೆಯ ಮೇಲೆ ಬಂದು ಸೊಂಟಕ್ಕೆ ಸಿಕ್ಕಿಸಲು ಬರುವುದಿಲ್ಲ. ಅಂಥ ಸೀರೆ ಸೀದಾ ಆಯೇರಿ ಕಟ್ಟಿಗೆ. ಮಗಳಿಗೆ ನೆನಪಿರಲಿಲ್ಲ. ಕೊನೆಗೆ ಆ ಇನ್ನೊಬ್ಬ ಅಡುಗೆಯಕ್ಕನೇ ದಾರಿ ಮಾಡಿದರು. ದೊಡ್ಡಕ್ಕನ ಮನೆಯ ಹಿತ್ತಲಲ್ಲಿ ಒಣಹಾಕಿದ್ದ ಸೀರೆಯನ್ನು ಮಡಚಿಕೊಡುವ ನೆಪದಲ್ಲಿ ಮೊಳ ಹಾಕಿ ಬಂದರು. ಹದಿನಾರು ಮೊಳ. ಎರಡು ಮೊಳಕ್ಕೆ ಒಂದು ವಾರಿ ಎಂದು ಹಿಡಿದರೆ ಎಂಟು ವಾರಿ.

ಮೊದಲು ಹೋದದ್ದು ಹತ್ತಿರದ ಪೇಟೆಯ ಒಂದು ಬಟ್ಟೆ ಅಂಗಡಿಗೆ. ಜೊತೆಗೆ ನಮ್ಮ ಶಾಲೆಯ ಒಬ್ಬರು ಟೀಚರ್ ಇದ್ದರು. ಅವರ ತವರು ಇಳಕಲ್, ಅಜ್ಜ ನೇಕಾರರು. ಅಂಗಡಿಯವರು ಕಪ್ಪು ಸೀರೆ ಬಿಚ್ಚಿ ಹಾಸಿದರು. ಮೆತ್ತಗಿತ್ತು, ಹೊಳೆಯುತ್ತಿತ್ತು. ಇಳಕಲ್ ರೇಷ್ಮೆ, 1,400 ರೂಪಾಯಿ ಎಂದರು. ನಾನೊಬ್ಬಳೇ ಹೋಗಿದ್ದರೆ ಖಂಡಿತ ತೆಗೆದುಕೊಂಡು ಬರುತ್ತಿದ್ದೆ. ಉಳಿದ ರೊಕ್ಕಕ್ಕೆ ಇನ್ನೇನಾದರೂ ಕೊಡಬಹುದು ಎಂದು ಮನಸ್ಸಿನಲ್ಲಿ ಲೆಕ್ಕವೂ ಹಾಕಿದ್ದೆ. ಟೀಚರ್ ಮಾತಾಡಲಿಲ್ಲ. ಸೆರಗಿನ ತುದಿ ಹಿಡಿದು, ಅಲ್ಲಿ ಜೋತುಬಿದ್ದ ಎಳೆಗಳನ್ನು ಬೆರಳಿನಿಂದ ಬಿಡಿಸಿ ನನಗೆ ತೋರಿಸಿದರು. ಎಳೆಗಳು ಕಪ್ಪಗಿದ್ದವು.

ಹೊರಗೆ ಬಂದ ಮೇಲೆ ಅವರು ವಿವರಿಸಿದರು. ಅದನ್ನು ಇಲ್ಲಿ ಪೂರ್ತಿ ಬರೆಯುತ್ತೇನೆ. ಒಂದು ಸಲ ತಿಳಿದರೆ ಮರೆಯುವಂಥದ್ದಲ್ಲ.

ಬಟ್ಟೆಗೆ ಉದ್ದಕ್ಕೆ ಹೋಗುವ ಎಳೆ ಹಾಸು, ಅಡ್ಡ ಹೋಗುವುದು ಹೊಕ್ಕು. ಸಾಮಾನ್ಯ ಸೀರೆಯಲ್ಲಿ ಹಾಸು ಈ ತುದಿಯಿಂದ ಆ ತುದಿಯವರೆಗೆ ಒಂದೇ. ಸೆರಗು ಬಂದಾಗ ಹೊಕ್ಕಿನ ಬಣ್ಣ ಮಾತ್ರ ಬದಲಾಗುತ್ತದೆ. ಕೈಮಗ್ಗದ ಇಳಕಲ್ ಸೀರೆ ಹಾಗಲ್ಲ. ಅದರಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಕಪ್ಪು ಹಾಸು ಮುಗಿಯುವಲ್ಲಿ ಸೆರಗಿನ ಕೆಂಪು ಹಾಸನ್ನು ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಕಪ್ಪು ಎಳೆಯ ಕುಣಿಕೆಯೊಳಗೆ ಕೆಂಪು ಎಳೆಯ ಕುಣಿಕೆ. ಹೀಗೆ ಸೀರೆಯ ಅಗಲಕ್ಕೂ. ಹಾಗಾಗಿ ಸೆರಗಿನಲ್ಲಿ ಹಾಸೂ ಕೆಂಪು, ಹೊಕ್ಕೂ ಕೆಂಪು. ಬಣ್ಣ ತುಂಬಿ ಬರುತ್ತದೆ. ಯಂತ್ರದ ಮಗ್ಗದಲ್ಲಿ ಈ ಕೂಡಿಸುವ ಕೆಲಸ ಇಲ್ಲ. ಕಪ್ಪು ಹಾಸಿನ ಮೇಲೆ ಕೆಂಪು ಹೊಕ್ಕು ಓಡುತ್ತದೆ. ಅದಕ್ಕೇ ಆ ಕೆಂಪು ಸ್ವಲ್ಪ ಮಂಕು, ಕಂದು ಬೆರೆತ ಹಾಗೆ. ಸೆರಗಿನ ತುದಿಯಲ್ಲಿ ಜೋತುಬಿದ್ದಿರುವುದು ಹಾಸಿನ ಎಳೆಯಲ್ವಾ? ಅದು ಕೆಂಪಿದ್ದರೆ ಕೂಡಿಸಿದ ಸೀರೆ. ಒಡಲಿನ ಬಣ್ಣದ್ದೇ ಇದ್ದರೆ ಕೂಡಿಸಿದ್ದಲ್ಲ.

ಒಡಲೂ ಕೆಂಪಿರುವ ಸೀರೆಯಲ್ಲಿ ಈ ಗುರುತು ನಡೆಯುವುದಿಲ್ಲ. ಆಗ ಸೀರೆಯನ್ನು ಮಗುಚಿ, ಒಡಲು ಮುಗಿದು ಸೆರಗು ಶುರುವಾಗುವಲ್ಲಿ ಉಗುರು ಆಡಿಸಬೇಕು. ಕೊಂಡಿಗಳ ಸಾಲು ಸಣ್ಣ ದಿಬ್ಬದ ಹಾಗೆ ತಾಗುತ್ತದೆ.

ಅಂಗಡಿಯವರು ಅದನ್ನು ರೇಷ್ಮೆ ಅಂದಿದ್ದರಲ್ಲ, ಅದಕ್ಕೂ ಟೀಚರ್ ಹತ್ತಿರ ಉತ್ತರವಿತ್ತು. ಒಂದು ಎಳೆ ಕೇಳಿ ತೆಗೆದುಕೊಂಡು ಬಂದಿದ್ದರು. ಬಸ್ ಸ್ಟ್ಯಾಂಡಿನ ಪಕ್ಕ ಬೆಂಕಿಪೆಟ್ಟಿಗೆ ಕೊಂಡು ಸುಟ್ಟು ನೋಡಿದರು. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರಬೇಕು, ಬೂದಿ ಬೆರಳಿಗೆ ಪುಡಿಯಾಗಬೇಕು. ಇದು ಕರಗಿ ಗಟ್ಟಿ ಮಣಿಯಾಯಿತು. ಪಾಲಿಯೆಸ್ಟರ್.

ಮುಂದಿನ ಭಾನುವಾರ ಇಳಕಲ್‌ಗೆ ಹೊರಟೆವು. ನಮ್ಮಿಬ್ಬರಿಗೂ ಶಕ್ತಿ ಯೋಜನೆಯ ಟಿಕೆಟ್, ಆದ್ದರಿಂದ ಬಸ್ಸಿನ ಖರ್ಚು ಕಾಣಿಕೆಯ ರೊಕ್ಕಕ್ಕೆ ಕೈ ಹಾಕಲಿಲ್ಲ. ಟೀಚರ್ ತವರಿನ ಓಣಿಯಲ್ಲಿ ಅವರ ಬಳಗದ ಒಬ್ಬ ನೇಕಾರರ ಮನೆ. ಮುಂದಿನ ಕೋಣೆಯಲ್ಲೇ ನೆಲದಲ್ಲಿ ಗುಂಡಿ ತೋಡಿ ಕೂರಿಸಿದ ಮಗ್ಗ. ಅಜ್ಜ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ನಾವು ಹೋದಾಗ ಅಲ್ಲಿ ನಡೆದಿದ್ದದ್ದು ಕೂಡಿಸುವ ಕೆಲಸವೇ. ಅಜ್ಜ ಒಂದು ಕಡೆ, ಅವರ ಸೊಸೆ ಒಂದು ಕಡೆ. ಮಾತಿಲ್ಲ. ಸೊಸೆ ಕೆಂಪು ಎಳೆಗಳನ್ನು ಬಿಡಿಸಿ ಬಿಡಿಸಿ ಕೊಡುತ್ತಿದ್ದರು, ಅಜ್ಜನ ಬೆರಳು ಅದನ್ನು ಕಪ್ಪು ಕುಣಿಕೆಯೊಳಗೆ ತೂರಿಸಿ ತಿರುವುತ್ತಿತ್ತು. ಒಂದು ಎಳೆ ತಪ್ಪಿದರೆ ಸೆರಗಿನಲ್ಲಿ ಉದ್ದಕ್ಕೂ ಒಂದು ಬಿರುಕು ಕಾಣುತ್ತದೆ ಎಂದರು. ನಾವು ಅರ್ಧ ಗಂಟೆ ಕೂತು ನೋಡಿದೆವು. ನಾಲ್ಕು ಬೆರಳು ಅಗಲದಷ್ಟೂ ಮುಗಿದಿರಲಿಲ್ಲ.

ಆಮೇಲೆ ಅಜ್ಜ ಕೈ ಒರೆಸಿಕೊಂಡು ಒಳಗಿಂದ ಗಂಟು ತಂದರು. ನಾನು ನಮ್ಮ ರೊಕ್ಕ ಎಷ್ಟು ಎಂದು ಮೊದಲೇ ಹೇಳಿಬಿಟ್ಟೆ. ಅದು ಒಳ್ಳೆಯದಾಯಿತು. ಅವರೂ ಅಷ್ಟೇ ನೇರವಾಗಿ ಮಾತಾಡಿದರು. ಹತ್ತಿಯ ಒಡಲು, ಅಚ್ಚ ರೇಷ್ಮೆಯ ಸೆರಗು ಮತ್ತು ದಡಿ ಇರುವ ಎಂಟು ವಾರಿ ಸೀರೆಗೆ ಮೂರೂವರೆ ಸಾವಿರದ ಮೇಲೆ. ಒಡಲೂ ರೇಷ್ಮೆಯಾದರೆ ನಮ್ಮ ಕೈಗೆ ಸಿಗುವ ಮಾತೇ ಅಲ್ಲ. ಹತ್ತಿಯ ಒಡಲು, ಚಮಕಾದ ಸೆರಗು ಮತ್ತು ದಡಿ ಆದರೆ 2,300. ಚಮಕಾ ಅಂದರೆ ರೇಷ್ಮೆಯ ಹಾಗೆ ಹೊಳೆಯುವ ಕೃತಕ ನೂಲು. "ಚಮಕಾನ ರೀ, ರೇಷ್ಮಿ ಅಂತ ನಾ ಹೇಳಂಗಿಲ್ಲ" ಎಂದು ಅಜ್ಜ ಎರಡು ಸಲ ಹೇಳಿದರು.

ಇಲ್ಲಿ ನಾವಿಬ್ಬರೂ ಬಹಳ ಹೊತ್ತು ಯೋಚಿಸಿದೆವು. ಇನ್ನು ಏಳೆಂಟು ನೂರು ನಾವಿಬ್ಬರೇ ಹಾಕಿದರೆ ರೇಷ್ಮೆ ಸೆರಗು ಬರುತ್ತದೆ. ಟೀಚರ್‌ಗೆ ಆ ಆಸೆ ಇತ್ತು. ನನಗೆ ಬೇಡ ಅನ್ನಿಸಿತು. ಎಲ್ಲರೂ ಕೂಡಿ ಕೊಡುವ ಕಾಣಿಕೆಯಲ್ಲಿ ಇಬ್ಬರ ಪಾಲು ಸುಮ್ಮನೆ ದೊಡ್ಡದಾದರೆ, ನೂರು ರೂಪಾಯಿ ತಂದಿಟ್ಟ ಆ ಇಬ್ಬರು ಅಕ್ಕಂದಿರ ಪಾಲು ಸಣ್ಣದಾಗುತ್ತದೆ. ಅದಲ್ಲದೆ ಉಡುವ ದೃಷ್ಟಿಯಿಂದಲೂ ಚಮಕಾವೇ ಸರಿ. ರೇಷ್ಮೆ ಸೆರಗನ್ನು ದೊಡ್ಡಕ್ಕ ಕಾಪಾಡಿಡುತ್ತಾರೆ, ವರ್ಷಕ್ಕೊಮ್ಮೆ ಉಡುತ್ತಾರೆ. ಹತ್ತಿ ಮತ್ತು ಚಮಕಾ ಮನೆಯಲ್ಲೇ ಒಗೆಯುವಂಥದ್ದು. ರೇಷ್ಮೆಯನ್ನು ಬಿಟ್ಟುಕೊಡಬಹುದು, ಕೂಡಿಸಿದ ಸೆರಗನ್ನು ಬಿಟ್ಟುಕೊಡಬಾರದು. ಇಷ್ಟು ತೀರ್ಮಾನವಾದ ಮೇಲೆ ಕೆಲಸ ಹಗುರಾಯಿತು.

ದಡಿಯಲ್ಲಿ ಗೋಮಿ, ಚಿಕ್ಕಿ ಪರಾಸ, ಗಾಡಿ ಎಂದು ಬೇರೆ ಬೇರೆ ಇದ್ದವು. ಮಗಳಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಗೋಮಿ ಎಂದಳು. ಗೋಮಿ ದಡಿಯ ಚಂದ್ರಕಾಳಿ ಎಂಟು ವಾರಿಯಲ್ಲಿ ಎರಡೇ ಇದ್ದವು. ಎರಡರಲ್ಲೂ ಸೆರಗು ಹಳೆಯ ಕ್ರಮದ್ದೇ. ಕೆಂಪಿನ ಮೂರು ಪಟ್ಟೆ, ನಡುವೆ ಬಿಳಿಯ ಎರಡು. ಕೆಂಪು ಬಿಳಿ ಕೂಡುವಲ್ಲಿ ಜೋಳದ ತೆನೆಯ ಹಾಗೆ ಎದ್ದ ಸಾಲು. ತೆನೆ ಅನ್ನುವುದೇ ಅದರ ಹೆಸರು. ನೋಡಲು ಎರಡೂ ಒಂದೇ.

ಟೀಚರ್ ತಮ್ಮ ಬಿಳಿ ಕರವಸ್ತ್ರವನ್ನು ಒದ್ದೆ ಮಾಡಿ, ಹಿಂಡಿ, ಮೊದಲನೆಯ ಸೀರೆಯ ಕೆಂಪಿನ ಮೇಲೆ ಹತ್ತು ಸಲ ಒರೆಸಿದರು. ಕರವಸ್ತ್ರದ ಮೇಲೆ ತೆಳು ಗುಲಾಬಿ ಬಣ್ಣ ಬಂತು. ನಮ್ಮ ಮುಖ ನೋಡಿ ಅಜ್ಜ, "ಈ ಲಾಟಿನ ಬಣ್ಣ ಸ್ವಲ್ಪ ಬಿಡತೈತ್ರಿ, ಅದನ್ನ ಇಡ್ರಿ" ಎಂದರು. ಎರಡನೆಯದನ್ನು ಒರೆಸಿದರೆ ಬಟ್ಟೆ ಬೆಳ್ಳಗೇ ಉಳಿಯಿತು. ಇಳಕಲ್ ಸೀರೆ ಕೊಳ್ಳುವವರು ಇದನ್ನು ಮಾಡಲೇಬೇಕು. ಸೆರಗಿನಲ್ಲಿ ಕೆಂಪಿನ ಪಕ್ಕದಲ್ಲೇ ಬಿಳಿ ಇರುತ್ತದೆ. ಬಣ್ಣ ಬಿಡುವ ಸೀರೆಯಾದರೆ ಮೊದಲ ಒಗೆತಕ್ಕೇ ಬಿಳಿ ತೆನೆ ಗುಲಾಬಿಯಾಗುತ್ತದೆ, ಆಮೇಲೆ ಏನು ಮಾಡಿದರೂ ಹೋಗುವುದಿಲ್ಲ. ಬಣ್ಣ ನಿಂತ ಸೀರೆಯನ್ನೂ ಮೊದಲ ಎರಡು ಸಲ ಬೇರೆ ಬಟ್ಟೆಯ ಜೊತೆ ಹಾಕದೆ, ಉಪ್ಪು ಹಾಕಿದ ತಣ್ಣೀರಿನಲ್ಲಿ ಅದ್ದಿ, ನೆನೆಯಲು ಬಿಡದೆ ತಕ್ಷಣ ತೆಗೆದು ನೆರಳಲ್ಲಿ ಒಣಗಿಸಬೇಕು ಎಂದು ಅಜ್ಜ ಹೇಳಿದರು. ಬಿಸಿ ನೀರಂತೂ ಬೇಡವೇ ಬೇಡ.

2,300 ಕೊಟ್ಟೆವು. ಚೌಕಾಸಿ ಮಾಡಲಿಲ್ಲ. ಆ ಕೊಂಡಿಯ ಕೆಲಸ ನೋಡಿದ ಮೇಲೆ ಬಾಯಿ ಬರಲಿಲ್ಲ.

ಐನೂರು ಉಳಿಯಿತು. ಇಳಕಲ್ ಸೀರೆಗೆ ಗುಳೇದಗುಡ್ಡದ ಖಣದ ಕುಬಸವೇ ಜೋಡಿ. ಖಣವೂ ಚಮಕಾದ್ದು, 180 ರೂಪಾಯಿ. ಇಲ್ಲಿ ಇನ್ನೊಂದು ಮಾತು. ಖಣವನ್ನು ಹಾಗೆಯೇ ಕೊಟ್ಟರೆ ಅದು ಹೊಲಿಯದೆ ಉಳಿಯುತ್ತದೆ. ಹೊಲಿಯದ ಕುಬಸಕ್ಕಾಗಿ ಸೀರೆಯೂ ಉಡದೆ ಉಳಿಯುತ್ತದೆ. ಮಗಳು ಊರಿಗೆ ಬಂದಾಗ ಅವ್ವನ ಅಳತೆಯ ಹಳೆ ಕುಬಸ ಒಂದನ್ನು ಗುಟ್ಟಾಗಿ ತಂದುಕೊಟ್ಟಳು. ನಮ್ಮೂರ ಹೊಲಿಗೆಯವರು 120ಕ್ಕೆ ಹೊಲಿದರು. ಯಾರಿಗೆ ಎಂದು ಕೇಳಿದ ಮೇಲೆ ಹುಕ್ಕು ಎರಡು ಜಾಸ್ತಿ ಹಾಕಿ, ತೋಳಿನ ಒಳಗೆ ಬಿಚ್ಚಿ ದೊಡ್ಡದು ಮಾಡಲು ಬಟ್ಟೆ ಬಿಟ್ಟು ಹೊಲಿದುಕೊಟ್ಟರು. ಉಳಿದ 200 ರೂಪಾಯಿ ಉಡಿಯ ಸಾಮಾನಿಗೆ ಎಂದು ಎತ್ತಿಟ್ಟೆ.

ಉಡಿಯ ವಿಷಯದಲ್ಲಿ ನಾನು ಎರಡು ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ. ಹೆಣ್ಣುಮಗಳಿಗೆ ಸೀರೆ ಕೊಟ್ಟ ಮೇಲೆ ಉಡಿ ತುಂಬದೆ ಕಳಿಸುವುದು ನಮ್ಮ ಕಡೆ ಅರ್ಧ ಕೆಲಸ. ಆದರೆ ಗಂಡ ಇಲ್ಲದವರಿಗೆ ಉಡಿ ತುಂಬುವುದಿಲ್ಲ. ನನಗೆ ಆ ಕಟ್ಟಳೆ ಒಪ್ಪಿಗೆ ಇಲ್ಲ. 22 ವರ್ಷ ಊರಿನ ಮಕ್ಕಳಿಗೆಲ್ಲ ಉಣಿಸಿದ ಕೈ ಅದು. ವೇದಿಕೆಯ ಮೇಲೆ ಎಲ್ಲರ ಮುಂದೆಯೇ ತುಂಬಬೇಕು ಎಂದು ನನ್ನ ಮನಸ್ಸಿನಲ್ಲಿತ್ತು. ಆದರೆ ಅದು ನನ್ನ ಹಠ. ನಾಳೆ ಊರಿನ ಮಾತು ಕೇಳಬೇಕಾದವರು ಅವರು. ಕೊನೆಗೆ ಮತ್ತೆ ಮಗಳನ್ನೇ ಕೇಳಿದೆ. ಅವಳು ಅವ್ವನನ್ನು ಹೇಗೆ ಕೇಳಿದಳೋ ಗೊತ್ತಿಲ್ಲ, ಮರುದಿನ ಫೋನ್ ಮಾಡಿದಳು. "ಅವ್ವಗ ಮನಸೈತ್ರಿ. ಮಂದಿ ಮುಂದ ಮಾತ್ರ ಬ್ಯಾಡ ಅಂದ್ಲು."

ಜೂನ್ 28, ಶನಿವಾರ. ಬೆಳಗಿನ ಶಾಲೆ. ಹನ್ನೊಂದಕ್ಕೆ ಕಾರ್ಯಕ್ರಮ. ಅದಕ್ಕೂ ಮೊದಲು ಅಡುಗೆ ಕೋಣೆಯಲ್ಲಿ ನಾವು ಐದು ಹೆಣ್ಣುಮಕ್ಕಳು ಸೇರಿದೆವು. ದೊಡ್ಡಕ್ಕ ಅವತ್ತೂ ಆರೂವರೆಗೇ ಬಂದು ಹಾಲು ಕಾಯಿಸಿ ಮಕ್ಕಳಿಗೆ ಕೊಟ್ಟಾಗಿತ್ತು. ಹಾಲಿನ ಪಾತ್ರೆ ತೊಳೆದು ಬೋರಲು ಹಾಕಿದ್ದರು. ಅಕ್ಕಿ ಚೀಲದ ಪಕ್ಕ ಮಣೆ ಹಾಕಿ ಕೂರಿಸಿದೆವು. ಉಡಿ ತುಂಬಿದವರು ಆ ಇಬ್ಬರು ಅಡುಗೆಯಕ್ಕಂದಿರು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬು, ಬೆಲ್ಲದಚ್ಚು, ಎಲೆ ಅಡಿಕೆ. ನಾನು ಸೀರೆ ಕುಬಸ ಕೊಟ್ಟೆ. ಬಣ್ಣದ ಕಾಗದ ಸುತ್ತಿರಲಿಲ್ಲ. ಒಂದು ಬಿಳಿ ಪಂಜೆಯ ತುಂಡಿನಲ್ಲಿ ಮಡಚಿಟ್ಟಿದ್ದೆವು.

ಅವರು ಕಪ್ಪು ನೋಡಿ ಒಂದು ಕ್ಷಣ ಸುಮ್ಮನಾದರು. ಆಮೇಲೆ ಸೀರೆಯ ಒಂದು ಮಡಿಕೆ ಬಿಚ್ಚಿ, ಮಗುಚಿ, ಒಡಲೂ ಸೆರಗೂ ಕೂಡುವ ಜಾಗವನ್ನು ಹುಡುಕಿ ಹೆಬ್ಬೆರಳಿನ ಉಗುರು ಆಡಿಸಿದರು. ಟೀಚರ್ ನನ್ನ ಮೊಣಕೈ ಹಿಡಿದರು. "ಕೂಡಿಸಿದ ಸೀರಿ ಐತಲ್ಲ" ಎಂದರು ದೊಡ್ಡಕ್ಕ. ಆಮೇಲೆ, ಉದ್ದ ಎಷ್ಟು ಎಂದು ಕೇಳಿದರು. ಹದಿನಾರು ಮೊಳ ಎಂದು ಆ ಅಡುಗೆಯಕ್ಕ ಹೇಳಿದ್ದೇ ತಡ, ತಿರುಗಿ ಆಕೆಯ ಬೆನ್ನಿಗೊಂದು ಹಗುರವಾಗಿ ಕೊಟ್ಟರು. "ಅದಕ ಅವತ್ತು ನನ್ನ ಸೀರಿ ಮಡಚಾಕ ಬಂದಿದ್ದೇನ ನೀ?"

ಹೊರಗೆ ಕಾರ್ಯಕ್ರಮ ನಡೆಯಿತು. ಶಾಲು, ಹಾರ, ಭಾಷಣ ಎಲ್ಲ ಆಯಿತು. ಅಲ್ಲಿ ವೇದಿಕೆಯ ಮೇಲೆ ನಾವು ಏನನ್ನೂ ಕೊಡಲಿಲ್ಲ. ಎಸ್‌ಡಿಎಂಸಿಯ ಒಬ್ಬರು, ಶಿಕ್ಷಕರ ಕಡೆಯಿಂದ ಏನೂ ಇಲ್ಲವಾ ಎಂದು ಕೇಳಿದರು. ಹೆಡ್‌ಮಾಸ್ತರರು, ಕೊಟ್ಟಾಗಿದೆ ಎಂದಷ್ಟೇ ಹೇಳಿದರು.

ಆಗಸ್ಟ್ 15ರಂದು ಧ್ವಜಾರೋಹಣಕ್ಕೆ ದೊಡ್ಡಕ್ಕ ಬಂದಿದ್ದರು. ಇಷ್ಟು ವರ್ಷ ಆ ಹೊತ್ತಿಗೆ ಒಳಗೆ ಇರುತ್ತಿದ್ದವರು. ಮಕ್ಕಳ ಸಾಲಿನ ಪಕ್ಕ, ಬೇವಿನ ಮರದ ಕೆಳಗೆ ನಿಂತಿದ್ದರು. ಚಂದ್ರಕಾಳಿ ಉಟ್ಟಿದ್ದರು, ಸೆರಗು ತಲೆಯ ಮೇಲೆ ಬಂದು ಸೊಂಟಕ್ಕೆ ಸರಿಯಾಗಿ ಸಿಕ್ಕಿತ್ತು. ಅದು ಹೊಸ ಮಡಿಕೆಯ ಸೀರೆ ಆಗಿರಲಿಲ್ಲ. ಎರಡು ಸಲವಾದರೂ ಒಗೆದದ್ದು. ನಾನು ಹತ್ತಿರ ಹೋಗಿ ಮೊದಲು ನೋಡಿದ್ದು ಬಿಳಿ ತೆನೆಯನ್ನು. ಕೆಂಪು ಹತ್ತಿರಲಿಲ್ಲ.